ನೂರರ ಕೆಳಗಿನ ಮೊತ್ತ

ಹೊಸಪೇಟೆಯಲ್ಲಿ ಟಿಪ್ಪರ್ ಬಿಡಿಭಾಗಗಳ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ನಾನು ಎಂಟು ವರ್ಷದಿಂದ ಬೆಟ್ಟಿಂಗ್ ರೇಟು ಬರೆಯುತ್ತಿದ್ದೇನೆ. ಹೊರಗೆ ಕ್ಲಚ್ ಪ್ಲೇಟು, ಬ್ರೇಕ್ ಲೈನರು. ಒಳಗೆ ನಾನು, ಒಂದು ಕ್ಯಾಲ್ಕುಲೇಟರು, ಮೂರು ಮೊಬೈಲು. ಇದು ಕಾನೂನಿಗೆ ಒಪ್ಪದ ಕೆಲಸ ಎಂದು ನನಗೆ ಮೊದಲ ದಿನದಿಂದಲೂ ಗೊತ್ತು. ಬಿ.ಎಸ್ಸಿ. ಗಣಿತ ಓದಿದವನಿಗೆ ಬೇರೆ ಕೆಲಸ ಸಿಗಲಿಲ್ಲವೇ ಎಂದು ಕೇಳುವವರಿದ್ದಾರೆ. ಸಿಕ್ಕಿತ್ತು, ಇದರ ಅರ್ಧ ಸಂಬಳಕ್ಕೆ. ನಾನು ದೊಡ್ಡ ಮನುಷ್ಯನೇನಲ್ಲ.

ಅಂಗಡಿಯ ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಾರೆ. ಅವರಿಗೆ ಸಂಡೂರಿನಲ್ಲಿ ಒಬ್ಬ, ಕಂಪ್ಲಿಯಲ್ಲಿ ಒಬ್ಬ ಏಜೆಂಟ್ ಇದ್ದಾರೆ. ಸಂಡೂರಿನವನದು ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಅಂಗಡಿ, ಕಂಪ್ಲಿಯವನದು ಗೊಬ್ಬರದ ಅಂಗಡಿ. ನಾನು ಬೆಳಿಗ್ಗೆ ರೇಟು ಕಟ್ಟಿ ಇಬ್ಬರಿಗೂ ಕಳಿಸುತ್ತೇನೆ. ಅವರು ತಮ್ಮ ಊರಿನ ಗಾಳಿ ನೋಡಿಕೊಂಡು ಅದನ್ನು ಸ್ವಲ್ಪ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಆ ಸ್ವಾತಂತ್ರ್ಯ ಅವರಿಗೆ ಮೊದಲಿನಿಂದಲೂ ಇದೆ. ನನ್ನ ಷರತ್ತು ಒಂದೇ: ಒಬ್ಬೊಬ್ಬರ ಹಾಳೆಯ ಮೊತ್ತವೂ ನೂರೈದರ ಕೆಳಗೆ ಇಳಿಯಬಾರದು.

ಈ ಮೊತ್ತ ಏನೆಂಬುದನ್ನು ನಾನು ಒಬ್ಬರಿಗೆ ಮಾತ್ರ ಕೂರಿಸಿಕೊಂಡು ಕಲಿಸಿದ್ದೇನೆ. ಅವರು ನನ್ನ ಭಾವ, ಅಕ್ಕನ ಗಂಡ. ಸಂಡೂರಿನ ಹೊರಗೆ ಅದಿರಿನ ಲಾರಿಗಳನ್ನು ತೂಗುವ ವೇಬ್ರಿಜ್ಜಿನಲ್ಲಿ ಅವರು ತೂಕದ ಗುಮಾಸ್ತ. ಕುಡಿಯುವವರಲ್ಲ, ಬಾಯಿ ಮಾಡುವವರಲ್ಲ. ಬೆಟ್ ಒಂದೇ ಅವರ ಚಟ. ಸಂಬಳದ ದಿನದಿಂದ ನಾಲ್ಕನೆಯ ದಿನಕ್ಕೆ ಜೇಬು ಖಾಲಿ. ಅಕ್ಕ ಹೇಳಿ ಹೇಳಿ ಸಾಕಾಗಿ, ಮಗಳನ್ನು ಕರೆದುಕೊಂಡು ಕಂಪ್ಲಿಗೆ, ಅವ್ವನ ಮನೆಗೆ ಬಂದುಬಿಟ್ಟಳು.

ನಾನು ಭಾನುವಾರ ಊಟಕ್ಕೆ ಹೋದಾಗ ಅಕ್ಕ ನನ್ನನ್ನೇ ಹಿಡಿದುಕೊಂಡಳು.

"ನೀ ಆ ಮಂದಿ ಜೋಡಿ ಇರಾವ. ಅವರ ತಲಿಯಾಗಿಂದ ಇದನ್ನ ತಗಿ. ಬಿಟ್ರು ಅಂದ ದಿನ ನಾ ಸಂಡೂರಿಗೆ ಹೋಗ್ತೀನಿ. ಬಿಡದಿದ್ರ ಇಲ್ಲೇ."

ಅವಳು ಕೂಗಲಿಲ್ಲ, ಅಳಲಿಲ್ಲ. ಅಕ್ಕಿ ಆರಿಸುತ್ತ ಹೇಳಿದಳು. ಆಡಿದ ಮಾತಿಗೆ ಅವಳು ಎಂದೂ ತಪ್ಪಿದವಳಲ್ಲ.

ಮರುವಾರ ನಾನು ವೇಬ್ರಿಜ್ಜಿಗೇ ಹೋದೆ. ಹತ್ತಡಿ ಉದ್ದದ ಕೋಣೆ, ಕಿಟಕಿಯ ಆಚೆ ಕೆಂಪು ಧೂಳು ಮೆತ್ತಿಕೊಂಡ ಲಾರಿಗಳ ಸಾಲು. ಭಾವ ಎರಡು ಲಾರಿಗಳ ನಡುವೆ ಸಿಗುವ ಬಿಡುವಿನಲ್ಲಿ ನನ್ನ ಮಾತು ಕೇಳುತ್ತಿದ್ದರು. ಬುದ್ಧಿ ಹೇಳಿದರೆ ಅವರು ತಲೆ ಆಡಿಸಿ ಮರೆತುಬಿಡುತ್ತಾರೆಂದು ಗೊತ್ತಿತ್ತು. ಅದಕ್ಕೆ ತೂಕದ ಚೀಟಿಯ ಹಿಂದೆ ಲೆಕ್ಕ ಬರೆದೆ.

"ನೋಡ್ರಿ ಭಾವ, ನಾಣ್ಯ ಚಿಮ್ಮಿದ್ರ ಎರಡರಾಗ ಒಂದು. ಖರೇ ರೇಟು ಏನು? ಒಂದು ರೂಪಾಯಿ ಹಾಕಿದ್ರ ಹಾಕಿದ್ದೂ ಸೇರಿ ಎರಡು ಬರಬೇಕು. ನಾವು ಕೊಡೋದು ಒಂದೂ ತೊಂಬತ್ತು. ಈಗ ನೂರನ್ನ ಒಂದೂ ತೊಂಬತ್ತರಿಂದ ಭಾಗಿಸ್ರಿ."

ಅವರು ತಮ್ಮ ಕ್ಯಾಲ್ಕುಲೇಟರ್ ಒತ್ತಿದರು. ಐವತ್ತೆರಡು ಪಾಯಿಂಟ್ ಆರು ಮೂರು.

"ಇನ್ನೊಂದು ಕಡೀದೂ ಅಷ್ಟೇ. ಕೂಡಿಸಿದ್ರ?"

"ನೂರಾ ಐದೂ ಕಾಲು."

"ನೂರು ಇರಬೇಕಿತ್ತು. ಮ್ಯಾಲಿನ ಐದೂ ಕಾಲು ನಮ್ದು."

ನಮ್ಮ ಕೋಣೆಯಲ್ಲಿ ಅದನ್ನು 'ಮೇಲಿನದು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಓವರ್‌ರೌಂಡ್ ಎಂಬ ಹೆಸರಿದೆ. ಪ್ರತಿ ರೇಟಿನಿಂದಲೂ ನೂರನ್ನು ಭಾಗಿಸಿ, ಬಂದದ್ದನ್ನೆಲ್ಲ ಕೂಡಿಸಿ, ನೂರು ಕಳೆದರೆ ಅದು ಸಿಗುತ್ತದೆ. ಎರಡೇ ಕಡೆ ಇರುವ ಆಟದಲ್ಲಿ ಅದು ಸಣ್ಣದಾಗಿರುತ್ತದೆ, ಏಕೆಂದರೆ ಜನ ಹೋಲಿಸಿ ನೋಡುತ್ತಾರೆ. ಯಾರು ಹೆಚ್ಚು ರನ್ ಹೊಡೆಯುತ್ತಾರೆ ಎಂಬಂಥದ್ದರಲ್ಲಿ ಹನ್ನೊಂದು ಹೆಸರು. ಒಂದೊಂದರಲ್ಲೂ ಚೂರು ಚೂರು ಬಚ್ಚಿಟ್ಟು ನಾನೇ ನೂರಾ ಮೂವತ್ತೈದರವರೆಗೆ ಏರಿಸಿದ್ದಿದೆ. ಒಂದಕ್ಕೆ ಹತ್ತು ಎನ್ನುವ ದೊಡ್ಡ ರೇಟು ನೋಡಿದವರು ಉಳಿದ ಹತ್ತು ಹೆಸರುಗಳನ್ನು ಕೂಡಿಸಲು ಹೋಗುವುದಿಲ್ಲ.

ಭಾವ ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಿಟಕಿಯ ಆಚೆಗಿನ ಲಾರಿ ತೋರಿಸಿದರು.

"ಇದು ನಮ್ಮ ತೂಕಾನ ಐತಲ್ಲೋ. ನೂರಾ ಐದು ಗ್ರಾಸು. ನೂರು ನೆಟ್ಟು. ಖಾಲಿ ಲಾರಿ ತೂಕ ಐದು. ಖಾಲಿ ಲಾರಿಗೂ ನಾವು ರೊಕ್ಕ ಕೊಟ್ಟಂಗಾತು."

ನನಗೆ ಆಶ್ಚರ್ಯವಾಯಿತು. ಕಾಲೇಜಿನಲ್ಲಿ ಇಷ್ಟು ಬೇಗ ಹಿಡಿದವರನ್ನು ನಾನು ನೋಡಿರಲಿಲ್ಲ. ಇನ್ನೂ ಒಂದು ಮಾತು ಅವರೇ ಹೇಳಿದರು: ಎರಡೂ ಕಡೆಗೆ ನೂರು ನೂರು ಹಾಕಿದರೆ ಇನ್ನೂರು ಒಳಗೆ ಬಂತು, ನೂರಾ ತೊಂಬತ್ತು ಹೊರಗೆ ಹೋಯಿತು, ಇನ್ನೂರಕ್ಕೆ ಹತ್ತು ಉಳಿಯಿತು, ಅಂದರೆ ನೂರಕ್ಕೆ ಐದು, ಐದೂ ಕಾಲಲ್ಲ. ನೂರು ಹಂಚಲು ನೂರಾ ಐದೂ ಕಾಲು ತೆಗೆದುಕೊಳ್ಳುತ್ತಾರಾದ್ದರಿಂದ ಆ ಕಾಲಿನ ವ್ಯತ್ಯಾಸ ಎಂದು ತಾವೇ ವಿವರಿಸಿಕೊಂಡರು. ಸರಿಯಾಗಿತ್ತು. ನನಗೆ ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

"ಇಷ್ಟು ದಿನ ನನಗ ನಸೀಬಿಲ್ಲ ಅನ್ಕೊಂಡಿದ್ದೆ," ಎಂದರು. "ತೂಕದಾಗ ಮೋಸ ಇತ್ತು."

ಅಂದಿನಿಂದ ಅವರು ಬೆಟ್ ಬಿಟ್ಟರು. ನಿಜವಾಗಿಯೂ ಬಿಟ್ಟರು. ಅದರ ಬದಲು ಬೇರೆ ಬೇರೆ ಕಡೆಯ ರೇಟು ನೋಡಿ ಮೊತ್ತ ಕೂಡಿಸುವುದು ಒಂದು ಹವ್ಯಾಸವಾಯಿತು. ಲಾರಿ ಡ್ರೈವರ್‌ಗಳ ಮೊಬೈಲಿನಲ್ಲಿದ್ದ ಬೆಟ್ಟಿಂಗ್ ಆ್ಯಪುಗಳ ರೇಟು ಬರೆದುಕೊಂಡು ನನಗೆ ಫೋನ್ ಮಾಡುತ್ತಿದ್ದರು: "ಇಲ್ಲಿ ನೂರಾ ಏಳು ಬಂತು ನೋಡು, ಭಾಳ ಕಳ್ಳರು ಇವರು." ಸಂತೋಷದಿಂದ ನಗುತ್ತಿದ್ದರು. ಮೂರು ತಿಂಗಳು ನೋಡಿ ಅಕ್ಕ ಸಂಡೂರಿಗೆ ಹಿಂತಿರುಗಿದಳು. ಹೊರಡುವ ದಿನ ನನ್ನ ತಟ್ಟೆಗೆ ಎರಡು ಹೋಳಿಗೆ ಹೆಚ್ಚು ಹಾಕಿದಳು.

ಆಮೇಲೆ ಬಂತು ಆ ಟೆನಿಸ್ ಬಾಲ್ ಟೂರ್ನಿ. ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿ ಕಡೆಯ ಗೈಡುಗಳು ಮತ್ತು ಆಟೋದವರ ಒಂದು ತಂಡ. ನಾಲ್ಕು ತಂಡ, ಶನಿವಾರ, ಭಾನುವಾರ ಎರಡು ದಿನ, ಹೊಸಪೇಟೆಯ ಒಂದು ಮೈದಾನದಲ್ಲಿ. ಕಪ್ ಯಾರಿಗೆ ಎಂಬುದರ ಮೇಲೆ ಬೆಟ್. ನಾನು ಕಟ್ಟಿದ ರೇಟು ಇಂದಿಗೂ ಬಾಯಿಪಾಠ: ಹೊಸಪೇಟೆ ಎರಡೂವರೆ, ಸಂಡೂರು ನಾಲ್ಕು, ಕಂಪ್ಲಿ ನಾಲ್ಕು, ಹಂಪಿ ಐದು. ಇವುಗಳಿಂದ ನೂರನ್ನು ಭಾಗಿಸಿದರೆ ನಲವತ್ತು, ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತು. ಮೊತ್ತ ನೂರಾ ಹತ್ತು. ಜನ ಇದೇ ಪ್ರಮಾಣದಲ್ಲಿ ಹಣ ಹಾಕಿದರೆ ನೂರಾ ಹತ್ತು ಬರುತ್ತದೆ, ಯಾರು ಗೆದ್ದರೂ ನೂರು ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅಚ್ಚುಕಟ್ಟಾದ ಹಾಳೆ.

ಏಜೆಂಟರಿಬ್ಬರೂ ಎಂದಿನಂತೆ ತಮ್ಮ ಊರಿಗೆ ತಿದ್ದಿಕೊಂಡರು. ಕಂಪ್ಲಿಯಲ್ಲಿ ಎಲ್ಲರೂ ಕಂಪ್ಲಿಗೇ ಹಾಕುತ್ತಾರೆ. ಅದಕ್ಕೆ ಗೊಬ್ಬರದಂಗಡಿಯವನು ಕಂಪ್ಲಿಯ ರೇಟನ್ನು ಎರಡು ಎಂಬತ್ತಕ್ಕೆ ಇಳಿಸಿದ. ಉಳಿದವರ ಮೇಲೂ ನಾಲ್ಕು ಜನ ಹಾಕಲಿ ಎಂದು ಹೊಸಪೇಟೆಯನ್ನು ಮೂರಕ್ಕೆ, ಸಂಡೂರನ್ನು ಐದಕ್ಕೆ ಏರಿಸಿದ. ಹಂಪಿ ಐದೇ. ಅವನ ಮೊತ್ತ ನೂರಾ ಒಂಬತ್ತು. ಸಂಡೂರಿನವನು ಸಂಡೂರನ್ನು ಮೂರಕ್ಕೆ ಇಳಿಸಿದ. ಹೊಸಪೇಟೆ ಎರಡೂ ಮುಕ್ಕಾಲು, ಕಂಪ್ಲಿ ಐದು, ಹಂಪಿ ಐದು. ಅವನದೂ ನೂರಾ ಒಂಬತ್ತರ ಮೇಲೆ. ನಮ್ಮ ಅಂಗಡಿಯಲ್ಲಿ ನಾನೇ ಹೊಸಪೇಟೆಯನ್ನು ಎರಡು ಇಪ್ಪತ್ತಕ್ಕೆ ತಂದೆ, ಉಳಿದ ಮೂರೂ ಹಾಗೇ. ಮೂರೂ ಹಾಳೆಗಳನ್ನು ಒಂದೊಂದಾಗಿ ಪರೀಕ್ಷಿಸಿದೆ, ಮೂರೂ ನನ್ನ ಷರತ್ತಿನೊಳಗೆ ಇದ್ದವು. ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಎಂಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ನಮ್ಮ ಜನ ತಮ್ಮ ಊರು ಬಿಟ್ಟು ಬಸ್ ಹತ್ತಿ ಬೇರೆ ಊರಿನಲ್ಲಿ ಬೆಟ್ ಹಾಕುವವರಲ್ಲ ಎಂದು ನಂಬಿದ್ದೆ.

ಶುಕ್ರವಾರ ಬೆಳಿಗ್ಗೆ ಕಂಪ್ಲಿಯ ಲೆಕ್ಕದಲ್ಲಿ ಹೊಸಪೇಟೆಯ ಮೇಲೆ ಒಂದೇ ಗಂಟಿನಲ್ಲಿ ಮೂವತ್ತು ಸಾವಿರ ಕಂಡಿತು. ನಮ್ಮ ಲೆಕ್ಕದಲ್ಲಿ ಹೆಸರು ಬರೆಯುವುದಿಲ್ಲ. ಕಂಪ್ಲಿಯಲ್ಲಿ ಹೊಸಪೇಟೆಯ ಮೇಲೆ ಯಾರು ಹಾಕುತ್ತಾರೆ? ಅದರ ಕೆಳಗೇ ಸಂಡೂರಿನ ಮೇಲೆ ಹದಿನೆಂಟು ಸಾವಿರ. ಸಂಡೂರಿನ ಹಾಳೆ ತೆಗೆದೆ: ಕಂಪ್ಲಿಯ ಮೇಲೆ ಹದಿನೆಂಟು ಸಾವಿರ. ನಮ್ಮದೇ ಅಂಗಡಿಯಲ್ಲಿ, ಹಿಂದಿನ ಸಂಜೆ ಯಾವನೋ ಡ್ರೈವರ್ ಬಂದು ಹಂಪಿಯ ಮೇಲೆ ಹದಿನೆಂಟು ಸಾವಿರ ಹಾಕಿ ಹೋಗಿದ್ದ. ಮೂವತ್ತು ಸಾವಿರ ಮೂರರಂತೆ ತೊಂಬತ್ತು. ಹದಿನೆಂಟು ಐದರಂತೆ ತೊಂಬತ್ತು, ತೊಂಬತ್ತು, ತೊಂಬತ್ತು. ಹಾಕಿದ್ದು ಒಟ್ಟು ಎಂಬತ್ತನಾಲ್ಕು ಸಾವಿರ. ಯಾರು ಗೆದ್ದರೂ ಕೈಗೆ ಬರುವುದು ತೊಂಬತ್ತು ಸಾವಿರ.

ಆಗ ಮೂರೂ ಹಾಳೆಗಳಿಂದ ಒಳ್ಳೆಯ ರೇಟನ್ನಷ್ಟೇ ಆರಿಸಿ ಕೂಡಿಸಿದೆ. ಮೂವತ್ತಮೂರು ಪಾಯಿಂಟ್ ಮೂರು ಮೂರು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ತೊಂಬತ್ತಮೂರು ಪಾಯಿಂಟ್ ಮೂರು ಮೂರು. ನೂರರ ಕೆಳಗಿನ ಮೊತ್ತವನ್ನು ನಾನು ಜೀವಮಾನದಲ್ಲಿ ಮೊದಲ ಬಾರಿಗೆ ನೋಡಿದೆ. ಖಾಲಿ ಲಾರಿಯ ತೂಕ ಸೊನ್ನೆಗಿಂತ ಕಡಿಮೆ ಬಂದಿತ್ತು.

ಈ ಮೂರು ಊರುಗಳಲ್ಲಿ ಹೀಗೆ ಕೂಡಿಸಬಲ್ಲವರು ಇಬ್ಬರೇ, ನಾನು ಮತ್ತು ನಾನು ಕಲಿಸಿದವರು. ಎಂಬತ್ತನಾಲ್ಕು ಸಾವಿರ ಎಂದರೆ ಅದು ಅಕ್ಕನ ಮಗಳ ನರ್ಸಿಂಗ್ ಕಾಲೇಜಿನ ಫೀಸು. ಬ್ಯಾಂಕಿನಲ್ಲಿ ಇಟ್ಟಿದ್ದಾರೆ, ಮುಂದಿನ ವಾರ ಕಟ್ಟಬೇಕು ಎಂದು ಅಕ್ಕನೇ ನನಗೆ ಹೇಳಿದ್ದಳು.

ಖಚಿತ ಮಾಡಿಕೊಳ್ಳಲು ಫೋನ್ ಮಾಡಿದೆ. ಹಿಂದೆ ಲಾರಿಯ ಹಾರ್ನ್ ಕೇಳುತ್ತಿತ್ತು.

"ಆದಿತ್ಯವಾರ ಮ್ಯಾಚಿಗೆ ನಾನೂ ಬರ್ತೀನಿ ತಮ್ಮ," ಎಂದರು ಭಾವ. "ಈ ಸಲ ಯಾರು ಗೆದ್ರೂ ಚಪ್ಪಾಳಿ ಹೊಡಿತೀನಿ."

"ಭಾವ, ಬೆಟ್ ಏನರ..."

"ಹಾಕಿಲ್ಲಪ್ಪ. ನಿಮ್ಮಕ್ಕನಿಗೆ ಮಾತು ಕೊಟ್ಟೀನಿ. ಸೋಲೋದು ಇದ್ರ ಅಲ್ಲೇನು ಅದು ಬೆಟ್ಟು? ನಾ ಮಾಡಿದ್ದು ತೂಕ." ನಕ್ಕು, ಲಾರಿ ಬಂತೆಂದು ಫೋನ್ ಇಟ್ಟರು.

ಸಾವ್ಕಾರ್ರು ಹೊರಗೆ ಗಿರಾಕಿಗೆ ಬೇರಿಂಗ್ ತೋರಿಸುತ್ತಿದ್ದರು. ಗಿರಾಕಿ ಹೋದ ಮೇಲೆ ಹಾಳೆ ತೆಗೆದುಕೊಂಡು ಹೋದೆ. ಹೇಳದೆ ಇರಬಹುದಿತ್ತು. ಆದರೆ ಸಂಜೆ ಅವರೇ ಮೂರೂ ಹಾಳೆ ನೋಡುತ್ತಾರೆ, ಆ ಮೂವತ್ತು ಸಾವಿರ ಅವರ ಕಣ್ಣಿಗೂ ಬೀಳುತ್ತದೆ ಎಂದು ಹೆದರಿದೆ.

"ಸಾವ್ಕಾರ್ರ, ಮೂರೂ ಊರಿನ ರೇಟು ಆರಿಸಿ ಕೂಡಿಸಿದ್ರ ತೊಂಬತ್ಮೂರು ಬರ್ತೈತ್ರಿ. ನಾನು ನೋಡಿದ್ದಿಲ್ಲ."

"ಯಾರಾರ ಹಿಡದಾರೇನು?"

"ಹಿಡದಾರ್ರಿ. ಎಂಬತ್ನಾಕು ಸಾವಿರ. ಯಾರು ಗೆದ್ರೂ ತೊಂಬತ್ತು ಕೊಡಬೇಕಾಗ್ತೈತಿ."

ಅವರು ಬೈಯಲಿಲ್ಲ. ಕೈಗೆ ಮೆತ್ತಿದ್ದ ಗ್ರೀಸನ್ನು ವೇಸ್ಟ್ ಬಟ್ಟೆಯಿಂದ ಒರೆಸಿಕೊಂಡರು.

"ನಾಕರಾಗ ಮೂರು ಸೋಲ್ತಾವ. ಅವು ನಮ್ಮವಾದ್ವು. ಗೆದ್ದದ್ದು ಯಾವುದೋ ಅದು ತಪ್ಪು ರೇಟು ಅಂತ ರದ್ದು. ಹಾಕಿದ ರೊಕ್ಕ ಅಷ್ಟ ವಾಪಸ್ ಕೊಡು."

ತಪ್ಪು ರೇಟಿನ ಬೆಟ್ಟು ರದ್ದು ಎಂಬ ನಿಯಮ ಎಲ್ಲ ಬುಕ್ಕಿಗಳಲ್ಲೂ ಇದೆ, ನಮ್ಮಲ್ಲೂ ಇತ್ತು. ಬರೆಯುವಾಗ ಮೂರನ್ನು ಮೂವತ್ತು ಎಂದು ಬರೆದುಬಿಟ್ಟರೆ ಇರಲಿ ಎಂದು ಮಾಡಿಕೊಂಡದ್ದು. ಅದನ್ನು ಫಲಿತಾಂಶ ಬಂದ ಮೇಲೆ, ಗೆದ್ದ ಚೀಟಿಗಷ್ಟೇ ಹಚ್ಚಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಭಾವನಿಗೆ ನಾನು ಎಲ್ಲವನ್ನೂ ಕಲಿಸಿದ್ದೆ, ಇದೊಂದು ನನಗೇ ಗೊತ್ತಿರಲಿಲ್ಲ.

"ಈಗ ನಾಕೂ ರದ್ದು ಮಾಡಿ ಎಲ್ಲಾ ವಾಪಸ್ ಕೊಟ್ರ ಹೆಂಗ್ರಿ? ಮ್ಯಾಚ್ ಇನ್ನೂ ಆಗಿಲ್ಲ."

ಸಾವ್ಕಾರ್ರು ನನ್ನ ಮುಖ ನೋಡಿದರು.

"ಯಾರಂವ? ನಿನಗ ಗೊತ್ತೇನು? ಗೊತ್ತಿದ್ರ ಕರಕೊಂಡು ಬಾ. ಎದುರಿಗೆ ಕುಂದ್ರಿಸಿ ಮಾತಾಡಿ ವಾಪಸ್ ಕೊಡ್ತೀನಿ. ಮೂರೂ ಊರಿನ ಹಾಳಿ ಅಂವಗ ಯಾರು ಕೊಟ್ರು, ಇದನ್ನ ಕೂಡಿಸೋದು ಯಾರು ಕಲಿಸಿದ್ರು, ಅದಷ್ಟು ನನಗ ಗೊತ್ತಾಗಬೇಕು."

ಹಾಳೆ ಕೊಟ್ಟವನು ನಾನಲ್ಲ. ಏಜೆಂಟರು ತಮ್ಮ ಗಿರಾಕಿಗಳ ಗ್ರೂಪಿಗೆ ಹಾಕಿದ್ದನ್ನು ಡ್ರೈವರ್‌ಗಳು ಭಾವನಿಗೆ ತೋರಿಸಿರಬೇಕು. ಆದರೆ ಕಲಿಸಿದವನು ನಾನೇ, ಹಾಕಿದವರು ನನ್ನ ಅಕ್ಕನ ಗಂಡ. ಯಾರು ನಂಬುತ್ತಾರೆ? ನಾನೇ ರೇಟು ಸಡಿಲ ಬಿಟ್ಟು ಮನೆಯವರಿಂದ ಹಾಕಿಸಿದೆ ಎನ್ನುತ್ತಾರೆ. ಕೆಲಸ ಹೋಗುತ್ತದೆ, ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಇದೆಲ್ಲ ಯೋಚಿಸಲು ನನಗೆ ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು.

"ಗೊತ್ತಿಲ್ರಿ," ಎಂದೆ.

ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಎರಡು ದಿನ ಇತ್ತು. ಎರಡು ದಿನವೂ ಸಾವ್ಕಾರ್ರಿಗೆ ನಿಜ ಹೇಳಬಹುದಿತ್ತು. ನಾನು ಹೇಡಿ ಎಂಬ ಅನುಮಾನ ನನಗೆ ಮೊದಲೂ ಇತ್ತು, ಆ ಎರಡು ದಿನದಲ್ಲಿ ಸ್ಪಷ್ಟವಾಯಿತು.

ಭಾನುವಾರ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸಂಡೂರು ಮತ್ತು ಹಂಪಿ ಹಿಂದಿನ ದಿನವೇ ಸೋತಿದ್ದವು. ಕಂಪ್ಲಿಗೂ ಹೊಸಪೇಟೆಗೂ ಫೈನಲ್. ಬಿಸಿಲಿನಲ್ಲಿ ನನ್ನ ಪಕ್ಕ ಕುಳಿತು, ಯಾರು ಫೋರ್ ಹೊಡೆದರೂ ಯಾರು ಔಟ್ ಆದರೂ ಒಂದೇ ಸಮ ಚಪ್ಪಾಳೆ ತಟ್ಟುತ್ತಿದ್ದರು. ಹಿಂದೆ ಮ್ಯಾಚ್ ನೋಡುವಾಗ ಉಗುರು ಕಚ್ಚುತ್ತಿದ್ದ ಮನುಷ್ಯ. ನನಗೆ ಕಬ್ಬಿನ ಹಾಲು ಕೊಡಿಸಿದರು. ಹೊಸಪೇಟೆ ಗೆದ್ದಿತು.

ಸೋಮವಾರ ರಜೆ ಹಾಕಿ ಕಂಪ್ಲಿಗೆ ಹೋದರು. ಗೊಬ್ಬರದಂಗಡಿಯವನು ತೊಂಬತ್ತರ ಬದಲು ಮೂವತ್ತು ಸಾವಿರ ಎಣಿಸಿ ಕೊಟ್ಟು, ರೇಟು ತಪ್ಪಾಗಿತ್ತು, ಹೊಸಪೇಟೆಯಿಂದ ಹೇಳಿದ್ದಾರೆ ಎಂದ. ಹೇಳಿದ ಫೋನು ನನ್ನದೇ. ಉಳಿದ ಐವತ್ತನಾಲ್ಕು ಸಾವಿರದ ಮೂರು ಚೀಟಿಗಳ ರೇಟು ಮಾತ್ರ ಸರಿಯಾಗಿತ್ತಂತೆ.

ಮಧ್ಯಾಹ್ನ ಭಾವ ನನ್ನ ರೂಮಿಗೆ ಬಂದರು. ಜೇಬಿನಿಂದ ಒಂದು ತೂಕದ ಚೀಟಿ ತೆಗೆದು ಮುಂದಿಟ್ಟರು. ಹಿಂದೆ ನೀಟಾದ ಅಂಕಿಗಳು.

"ಎಲ್ಲಿ ತಪ್ಪೈತಿ ತೋರಸು."

ನಾನು ನೋಡಿದೆ. ತಪ್ಪು ಇದ್ದರೆ ಸಾಕಿತ್ತು ಎಂದು ಎರಡು ಸಲ ನೋಡಿದೆ.

"ಕೂಡಿಸಿದ್ದು ಸರಿ ಐತ್ರಿ ಭಾವ."

"ಮತ್ತ?"

ನಿಯಮ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಲಾರಿ ಗೇಟು ದಾಟಿದ ಮ್ಯಾಲ ನಮ್ಮಲ್ಲಿ ಚೀಟಿ ಹರಿಯಂಗಿಲ್ಲ," ಎಂದರು. "ನಿಮ್ಮಲ್ಲಿ ಹರೀತಾರಂತ ನೀ ಹೇಳಲಿಲ್ಲ." ನೀರು ಕುಡಿದು ಸಂಡೂರಿನ ಬಸ್ಸಿಗೆ ಹೋದರು. ನನಗೆ ಮೊದಲೇ ಗೊತ್ತಿತ್ತೇ ಎಂದು ಅವರು ಕೇಳಲಿಲ್ಲ. ಅಂಥ ಅನುಮಾನ ಅವರಿಗೆ ಬರುವುದೇ ಇಲ್ಲ.

ಫೀಸಿನ ದಿನ ದಾಟಿತು, ಸೀಟು ಹೋಯಿತು. ಅಕ್ಕನ ಮಗಳು ಈಗ ಕಂಪ್ಲಿಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಅಕ್ಕ ಮತ್ತೆ ಅವ್ವನ ಮನೆಯಲ್ಲಿ. ನಾನು ಇನ್ನೂ ಅದೇ ಕೋಣೆಯಲ್ಲಿ. ಒಂದೇ ಬದಲಾವಣೆ: ಈಗ ಪ್ರತಿದಿನ ಮೂರೂ ಊರಿನ ಹಾಳೆ ಪಕ್ಕಪಕ್ಕ ಇಟ್ಟು ಕೂಡಿಸುತ್ತೇನೆ. ಅಂದಿನಿಂದ ಒಮ್ಮೆಯೂ ನೂರಾ ಎರಡರ ಕೆಳಗೆ ಇಳಿದಿಲ್ಲ. ಭಾವ ಕಂಡುಹಿಡಿದ ತೂತನ್ನು ನಾನೇ ಮುಚ್ಚಿದ್ದೇನೆ, ಸಾವ್ಕಾರ್ರು ಅದಕ್ಕೆ ಸಂಬಳ ಹೆಚ್ಚಿಸಿದ್ದಾರೆ.

ಮೊನ್ನೆ ಭಾನುವಾರ ಊಟಕ್ಕೆ ಹೋಗಿದ್ದೆ. ಅಕ್ಕ ಮೊದಲಿನಂತೆಯೇ ಮೊರದ ಮುಂದೆ ಕುಳಿತಿದ್ದಳು. ತಲೆ ಎತ್ತದೆ ಕೇಳಿದಳು.

"ಅವರು ಫೋನ್ ಮಾಡಿದ್ರು. ನಾ ಬೆಟ್ ಆಡಿಲ್ಲ, ಬರೇ ತೂಕ ಮಾಡೀನಿ, ಯಾರು ಗೆದ್ರೂ ರೊಕ್ಕ ಬರೋದಿತ್ತು, ಬೇಕಾದ್ರ ನಿನ್ನ ತಮ್ಮನ್ನ ಕೇಳು ಅಂತಾರ. ನೀ ಓದಿದಾವ. ಅಂಥಾದ್ದು ಇರ್ತೈತೇನೋ? ಇದ್ರ ಹೇಳು, ನಾ ನಾಳಿನ ಬಸ್ಸಿಗೆ ಹೋಗ್ತೀನಿ."

ಇರುತ್ತದೆ ಎಂದರೆ, ಹಾಗಾದರೆ ಯಾಕೆ ಕೊಡಲಿಲ್ಲ ಎನ್ನುತ್ತಾಳೆ. ರದ್ದು ಮಾಡಿದವರು ಯಾರು, ನಿನಗೆ ಯಾವಾಗ ಗೊತ್ತಾಯಿತು ಎನ್ನುತ್ತಾಳೆ. ಅವಳು ಒಂದೊಂದಾಗಿ ಕೇಳುತ್ತ ಹೋದರೆ ಕೊನೆಗೆ ಆ ಶುಕ್ರವಾರ ಬರುತ್ತದೆ.

"ಆಡೋರು ಎಲ್ಲಾರೂ ಹಂಗ ಅಂತಾರಕ್ಕ," ಎಂದೆ.

ಅವಳು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಇಟ್ಟು, ಕೈ ತೊಳೆದುಕೋ, ಊಟಕ್ಕೆ ಹಾಕುತ್ತೇನೆ ಎಂದಳು.